ಸಹಾಯ ಬೇಕು: ಚಿಕ್ಕಪ್ಪನ ಕೈಗಡವನ್ನು ಬ್ಯಾಂಕು ಯಾವ ಲೆಕ್ಕಕ್ಕೆ ಸೇರಿಸಬೇಕು?

ಅಪ್ಪನ ಎಣ್ಣೆ ಗಾಣಕ್ಕೆ ಕೇಳಿದ ಸಾಲದ ಬಗ್ಗೆ ಬ್ಯಾಂಕಿನ ಇಂಗ್ಲಿಷ್ ಟಿಪ್ಪಣಿ ಬಂದಿದೆ. ಅಪ್ಪನಿಗೆ ಹೀಗೆ ಬಿಡಿಸಿ ಹೇಳಿದ್ದೇನೆ. ತಪ್ಪಿದ್ದರೆ ದಯವಿಟ್ಟು ತಿದ್ದಿ.

ಶೇ 25 ಮಾರ್ಜಿನ್ ಎಂದಾಗ ಅಪ್ಪ ಲಾಭವೆಂದುಕೊಂಡರು. ಅಲ್ಲ, ನಗದು ಕೊಟ್ಟು ಕೊಂಡ 4 ಲಕ್ಷದ ಶೇಂಗಾ ದಾಸ್ತಾನಿಗೆ ಬ್ಯಾಂಕು 3 ಲಕ್ಷ ಕೊಡುತ್ತದೆ, ಉಳಿದ ಲಕ್ಷ ನಮ್ಮದೇ. ಸಾಲ ತೀರಿಸುವ ಶಕ್ತಿಯನ್ನು ತೋರಿಸುವ ಅನುಪಾತವಾದ ಡಿಎಸ್‌ಸಿಆರ್ 1.2 ಎಂದರೆ, ತೆರಿಗೆ ಕಳೆದ ಲಾಭಕ್ಕೆ ಸವಕಳಿಯನ್ನೂ ಅವಧಿ ಸಾಲದ ಬಡ್ಡಿಯನ್ನೂ ಕೂಡಿಸಿದರೆ 3.6 ಲಕ್ಷ; ಕಟ್ಟಬೇಕಾದ ವರ್ಷದ ಕಂತು, ಬಡ್ಡಿ 3 ಲಕ್ಷ. ಒಂದು ಸುಗ್ಗಿ ಕೆಟ್ಟರೂ ಕಷ್ಟ ಎಂಬುದು ಬ್ಯಾಂಕಿನ ಆತಂಕ, ಅದು ನ್ಯಾಯವೇ.

ನಾನು ಸಿಕ್ಕಿಕೊಂಡಿರುವುದು ಕರೆಂಟ್ ರೇಶಿಯೊದಲ್ಲಿ. ವರ್ಷದೊಳಗೆ ನಗದಾಗುವ ದಾಸ್ತಾನು, ಬರಬೇಕಾದ ಬಾಕಿ ಸೇರಿ 9 ಲಕ್ಷ. ವರ್ಷದೊಳಗೆ ತೀರಿಸಬೇಕಾದದ್ದು 8 ಲಕ್ಷ. ಅನುಪಾತ 1.12, ಬ್ಯಾಂಕು ಕೇಳುವುದು 1.33. ಆ 8 ಲಕ್ಷದಲ್ಲಿ ಚಿಕ್ಕಪ್ಪ ಕೊಟ್ಟ 2 ಲಕ್ಷ ಕೈಗಡವೂ ಸೇರಿದೆ. ಬ್ಯಾಂಕಿನ ಸಾಲ ತೀರುವವರೆಗೆ ಕೇಳುವುದಿಲ್ಲವೆಂದು ಅವರು ಬರೆದುಕೊಡಲು ಸಿದ್ಧರಿದ್ದಾರೆ. ಅದನ್ನು ದೀರ್ಘಾವಧಿಗೆ ಸರಿಸಿದರೆ 9ಕ್ಕೆ 6, ಅಂದರೆ 1.5.

ಹೀಗೆ ಒಪ್ಪಿಸಿದವರಿದ್ದೀರಾ? ಪತ್ರ ಛಾಪಾ ಕಾಗದದಲ್ಲಿರಬೇಕೇ? ಲೆಕ್ಕಪರಿಶೋಧಕರು ಆಸ್ತಿ-ಹೊಣೆ ಪಟ್ಟಿಯನ್ನೂ ತಿದ್ದಬೇಕೇ? ಸೋಮವಾರ ವ್ಯವಸ್ಥಾಪಕರನ್ನು ಕಾಣಬೇಕು.