ಹನ್ನೊಂದನೇ ಕೋಣೆಯಿಂದ ಹಿಂದಿರುಗುವ ದಾರಿ

ಸುಧೀಂದ್ರ: [ಚಿತ್ರ: ಪೂರ್ವದ ಗುಹೆ, ಎರಡನೇ ಕರಡು] ನಮ್ಮ ಮೆಟ್ರಾಯ್ಡ್‌ವೇನಿಯಾ ಆಟದ, ಅಂದರೆ ಹೊಸ ಶಕ್ತಿ ಸಿಕ್ಕಂತೆಲ್ಲ ಹಳೆಯ ಜಾಗಗಳಿಗೆ ಮರಳಿ ಹೊಸ ದಾರಿ ತೆರೆಯುವ ಆಟದ, ಹೊಸ ನಕ್ಷೆ ಇದು. ನಡುವಿನ ಸಭಾಂಗಣದಿಂದ ಪೂರ್ವಕ್ಕೆ ಹನ್ನೊಂದು ಕೋಣೆಗಳು ಸಾಲಾಗಿವೆ. ಕೊನೆಯದರಲ್ಲಿ ಬಾಸ್, ಅಂದರೆ ವಲಯದ ಪ್ರಬಲ ಶತ್ರು ಇದ್ದಾನೆ, ಅವನನ್ನು ಸೋಲಿಸಿದರೆ ಗಾಳಿಯಲ್ಲೇ ಇನ್ನೊಮ್ಮೆ ನೆಗೆಯುವ ಡಬಲ್ ಜಂಪ್ ಸಿಗುತ್ತದೆ. ಆಟಗಾರನು ಆ ಶಕ್ತಿಯೊಂದಿಗೆ ಸಭಾಂಗಣಕ್ಕೆ ಮರಳಿ, ಅಲ್ಲಿಯ ಎತ್ತರದ ಕಟ್ಟೆಯನ್ನು ಹತ್ತಿ ಉತ್ತರದ ವಲಯಕ್ಕೆ ಹೋಗಬೇಕು.

ಮಾಲಿನಿ: ನಕ್ಷೆ ಅಂದವಾಗಿದೆ, ಆದರೆ ಹಿಂದಿರುಗುವ ದಾರಿಯನ್ನು ನೀನು ಯೋಚಿಸಿಯೇ ಇಲ್ಲವೆಂದು ತೋರುತ್ತದೆ. ಒಂದು ಕೋಣೆಯನ್ನು ದಾಟಲು ಹದಿನೈದು ಸೆಕೆಂಡು ಎಂದು ಇಟ್ಟುಕೊಂಡರೂ, ಬಾಸ್‌ನನ್ನು ಗೆದ್ದ ಉತ್ಸಾಹದಲ್ಲಿರುವ ಆಟಗಾರನು ಹೊಸದೇನೂ ಇಲ್ಲದ ದಾರಿಯಲ್ಲಿ ಸುಮಾರು ಮೂರು ನಿಮಿಷ ನಡೆಯಬೇಕಾಗುತ್ತದೆ. ಹೊಸ ಶಕ್ತಿಯನ್ನು ಬಳಸಿ ನೋಡುವ ಆಸೆ ಅತ್ಯಂತ ಹೆಚ್ಚಾಗಿರುವ ಹೊತ್ತಿನಲ್ಲೇ ಅದನ್ನು ಬಳಸಲು ಜಾಗವಿಲ್ಲ.

ಗಿರೀಶ: ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯ ಕಾಣುವುದಿಲ್ಲ. ಬಾಸ್ ಕೋಣೆಯ ಪಕ್ಕದಲ್ಲಿ ಕ್ಷಣದಲ್ಲಿ ಬೇರೆಡೆಗೆ ಒಯ್ಯುವ ಒಂದು ಟೆಲಿಪೋರ್ಟ್ ನಿಲ್ದಾಣವನ್ನು ಇಟ್ಟರೆ ಮುಗಿಯಿತು.

ಮಾಲಿನಿ: ಅದು ನಡಿಗೆಯನ್ನು ತೆಗೆದುಹಾಕುತ್ತದೆಯೇ ಹೊರತು ಮರಳುವುದರಲ್ಲಿ ಯಾವ ಸುಖವನ್ನೂ ತುಂಬುವುದಿಲ್ಲ. ನನ್ನ ಸಲಹೆ ಬೇರೆ. ಹನ್ನೊಂದನೇ ಕೋಣೆಯ ಛಾವಣಿಯಿಂದ ಮೇಲಕ್ಕೆ ಒಂದು ಬಾವಿಯಂಥ ದಾರಿಯನ್ನು ತೆಗೆಯಬೇಕು. ಅದರ ಮೆಟ್ಟಿಲುಗಳ ನಡುವಿನ ಅಂತರ ಒಂದೇ ನೆಗೆತಕ್ಕೆ ಎಟುಕದಂತಿರಬೇಕು, ಎರಡಕ್ಕೆ ಸಲೀಸಾಗಿ ಎಟುಕಬೇಕು. ಹೀಗೆ ಶಕ್ತಿಯನ್ನು ಕಲಿಸುವ ಪಾಠವೂ ಹೊರಹೋಗುವ ದಾರಿಯೂ ಒಂದೇ ಆಗುತ್ತವೆ. ಆ ದಾರಿ ಹತ್ತರಿಂದ ನಾಲ್ಕರವರೆಗಿನ ಕೋಣೆಗಳ ಮೇಲಿನಿಂದ ಸಾಗಿ, ಮೂರನೇ ಕೋಣೆಯಲ್ಲಿ ಒಳಗಿನಿಂದ ಮಾತ್ರ ತೆರೆಯುವ ಬಾಗಿಲಿಗೆ ಬರಲಿ. ಆಟಗಾರನು ಬರುವಾಗಲೇ ಆ ಮುಚ್ಚಿದ ಬಾಗಿಲನ್ನು ನೋಡಿ, ಏನಿರಬಹುದೆಂದು ಕುತೂಹಲಪಟ್ಟಿರುತ್ತಾನೆ. ಅಲ್ಲಿಂದ ಸಭಾಂಗಣಕ್ಕೆ ದಾಟಬೇಕಾದವು ಮೂರೇ ಕೋಣೆಗಳು.

ಸುಧೀಂದ್ರ: ಹಾಗಾದರೆ ಆ ಮೂರು ಕೋಣೆಗಳಾದರೂ ಹಳೆಯವೇ ಅಲ್ಲವೇ?

ಮಾಲಿನಿ: ಹಳೆಯವೇ ಇರಲಿ, ಆದರೆ ಅಲ್ಲಿ ಆಟಗಾರನ ನಡೆ ಬದಲಾಗಬೇಕು. ಎರಡನೇ ಕೋಣೆಯಲ್ಲಿ ಅವನು ಚಲಿಸುವ ಹಲಗೆಗಾಗಿ ಕಾಯಬೇಕಿದ್ದ ಕಂದಕವನ್ನು ಈಗ ನೇರವಾಗಿ ಹಾರಿ ದಾಟಲಿ, ಮೇಲಿನ ಗೂಡಿನಲ್ಲಿ ಅವನು ಮೊದಲೇ ಕಂಡಿದ್ದ ಜೀವವರ್ಧಕ ಕೈಗೆ ಸಿಗಲಿ. 1994ರ ಸೂಪರ್ ಮೆಟ್ರಾಯ್ಡ್ ಆಟದಲ್ಲಿ ಮೊದಲ ಸಲ ಇಳಿಯುವಾಗ ನಿರ್ಜನವಾಗಿದ್ದ ಕೋಣೆಗಳು, ಚೆಂಡಾಗಿ ಉರುಳುವ ಶಕ್ತಿಯಾದ ಮಾರ್ಫ್ ಬಾಲ್ ಮತ್ತು ಕ್ಷಿಪಣಿಗಳನ್ನು ಪಡೆದು ಮೇಲೇರುವಾಗ ಶತ್ರುಗಳಿಂದ ತುಂಬಿರುತ್ತವೆ. ದಾರಿ ಅದೇ, ಅನುಭವ ಮಾತ್ರ ಬೇರೆ.

ಗಿರೀಶ: ಒಪ್ಪಿದೆ, ಆದರೆ ನೀನು ಹೇಳಿದ್ದು ಮೊದಲ ಮರಳುವಿಕೆಗೆ ಮಾತ್ರ ಸರಿ. ಹತ್ತು ಗಂಟೆಗಳ ಆಟದ ನಂತರ ಇನ್ನೊಂದು ಶಕ್ತಿ ಸಿಕ್ಕಾಗ, ಇದೇ ಗುಹೆಯ ಏಳನೇ ಕೋಣೆಯಲ್ಲಿ ಬಿಟ್ಟು ಬಂದ ಬಿರುಕುಬಿಟ್ಟ ಗೋಡೆಯನ್ನು ಅವನು ನೆನಪಿಟ್ಟುಕೊಂಡು ಬರಬೇಕಲ್ಲವೇ? ಮರೆತವನು ಇಡೀ ನಕ್ಷೆಯನ್ನು ಜಾಲಾಡುತ್ತಾ ಅಲೆಯುತ್ತಾನೆ. ನಿಜವಾದ ಬೇಸರ ಅದೇ.

ಮಾಲಿನಿ: ಇದು ಸರಿಯಾದ ಪ್ರಶ್ನೆ. 2024ರ ಪ್ರಿನ್ಸ್ ಆಫ್ ಪರ್ಷಿಯಾ: ದಿ ಲಾಸ್ಟ್ ಕ್ರೌನ್ ಆಟದಲ್ಲಿ, ತನಗೆ ದಾಟಲಾಗದ ಜಾಗದ ಚಿತ್ರವನ್ನೇ ಆಟಗಾರನು ನಕ್ಷೆಗೆ ಅಂಟಿಸಬಹುದು. ನಮಗೆ ಅಷ್ಟು ಸಾಧ್ಯವಾಗದಿದ್ದರೂ, ಬಣ್ಣದ ಗುರುತುಗಳನ್ನು ಇಡಲು ಬಿಟ್ಟರೆ ಸಾಕು. ಆದರೆ ಎಲ್ಲಿ ಏನಿದೆ ಎಂದು ಆಟವೇ ಗುರುತು ಹಾಕಬಾರದು, ಆಗ ಹುಡುಕುವ ಆಟವು ಸಾಮಾನು ಪಟ್ಟಿಯಾಗಿಬಿಡುತ್ತದೆ.

ಗಿರೀಶ: ಟೆಲಿಪೋರ್ಟ್ ಅನ್ನು ನಾನು ಇನ್ನೂ ಬಿಟ್ಟಿಲ್ಲ. ಹಾಲೋ ನೈಟ್ ಆಟದಲ್ಲಿ ಜೀರುಂಡೆಯ ಸವಾರಿಯ ನಿಲ್ದಾಣಗಳಿವೆ. ಅವನ್ನು ಹುಡುಕಿ ತೆರೆದ ಮೇಲಷ್ಟೇ ಬಳಸಬಹುದು, ಪ್ರಯಾಣವೂ ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ. ಕೊನೆಯ ಒಂದಿಷ್ಟು ದೂರವನ್ನು ನಡೆಯಲೇಬೇಕು.

ಮಾಲಿನಿ: ಹಾಗಿದ್ದರೆ ಆರನೇ ಕೋಣೆಯಲ್ಲಿ ಇಡಬಹುದು, ಬಾಸ್ ಪಕ್ಕದಲ್ಲಿ ಬೇಡ. ಆರನೇ ಕೋಣೆಯ ಮಾತು ಬಂದದ್ದರಿಂದ ಕೇಳುತ್ತೇನೆ, ಸುಧೀಂದ್ರ, ಅಲ್ಲಿಂದ ಕೆಳಗಿನ ಕೊಳಕ್ಕೆ ಬೀಳುವ ಏಕಮುಖ ದಾರಿಯನ್ನು ಗಮನಿಸಿದ್ದೀಯಾ? ಡಬಲ್ ಜಂಪ್ ಇಲ್ಲದೆ ಬಿದ್ದವನು ಹತ್ತಲಾರನು. ಅದಕ್ಕಿಂತ ಕೆಟ್ಟದ್ದೆಂದರೆ ಕೆಳಗೆ ಆಟದ ಸ್ಥಿತಿಯನ್ನು ಉಳಿಸುವ ಸೇವ್ ಪಾಯಿಂಟ್ ಇದೆ. ಅಲ್ಲಿ ಸೇವ್ ಮಾಡಿದವನ ಆಟ ಶಾಶ್ವತವಾಗಿ ಸಿಕ್ಕಿಕೊಳ್ಳುತ್ತದೆ.

ಸುಧೀಂದ್ರ: ಆದರೆ ಆಡಿ ನೋಡಿದವರಾರೂ ಅಲ್ಲಿ ಸಿಕ್ಕಿಕೊಳ್ಳಲಿಲ್ಲ.

ಮಾಲಿನಿ: ಅವರು ನೀನು ತೋರಿಸಿದ ದಾರಿಯಲ್ಲೇ ಹೋದವರು. ಪ್ರತಿಯೊಂದು ಏಕಮುಖ ದಾರಿಯ ಮುಂದೆಯೂ, ಅಲ್ಲಿಗೆ ತಲುಪಲು ಬೇಕಾದ ಕನಿಷ್ಠ ಶಕ್ತಿಗಳನ್ನು ಬರೆದು, ಅಷ್ಟರಿಂದಲೇ ಸಭಾಂಗಣಕ್ಕೆ ಮರಳಬಹುದೇ ಎಂದು ಕಾಗದದ ಮೇಲೆ ಬೆರಳಿಟ್ಟು ನೋಡು. ಇಂಥ ಏಕಮುಖ ದಾರಿಗಳ ಬಾಣಗಳು ಮೂವತ್ತು ದಾಟಿದರೆ ಒಂದು ಸಣ್ಣ ಪ್ರೋಗ್ರಾಂ ಬರೆಯುವುದು ಲೇಸು.

ಗಿರೀಶ: ಕೊಳದಿಂದ ಯಾವ ಶಕ್ತಿಯೂ ಬೇಡದ ಒಂದು ಉದ್ದನೆಯ ಸುರಂಗವನ್ನು ಕೊಟ್ಟರೂ ಆಯಿತು. ಬಿದ್ದವನಿಗೆ ಸುತ್ತು ಬಳಸಿ ಬರುವ ಶಿಕ್ಷೆ ಇರಲಿ, ಜೈಲು ಬೇಡ.

ಸುಧೀಂದ್ರ: ಸುರಂಗವನ್ನು ಎರಡನೇ ಕೋಣೆಗೆ ಜೋಡಿಸುತ್ತೇನೆ, ಮೇಲಿನ ಬಾವಿಯನ್ನೂ ಬರೆಯುತ್ತೇನೆ. ಟೆಲಿಪೋರ್ಟ್ ಆರರಲ್ಲಿರಬೇಕೋ ಬೇಡವೋ ಎಂಬುದನ್ನು ಬಾವಿಯನ್ನು ಆಡಿಸಿ ನೋಡಿದ ಮೇಲೆ ತೀರ್ಮಾನಿಸೋಣ.

ಗಿರೀಶ: ಬೇಕೇ ಬೇಕು ಎಂದು ಈಗಲೇ ಬರೆದಿಟ್ಟುಕೊ.