‘ಸಂಚಿತ ಪಾಲು’ ಎನ್ನಬೇಕೋ, ‘ಈ ಸಾಲಿನವರೆಗಿನ ಪಾಲು’ ಎನ್ನಬೇಕೋ?

ಪ್ರಶ್ನೆ: ಪಾತ್ರೆಗಳ ಸಗಟು ಅಂಗಡಿಯೊಂದಕ್ಕೆ ಪ್ರತಿ ತಿಂಗಳ ಪರೇಟೊ ಪಟ್ಟಿಯನ್ನು, ಅಂದರೆ ಮಾರಾಟದ ನೂರಕ್ಕೆ ಸುಮಾರು 80 ಪಾಲು ತರುವ ಕೆಲವೇ ಗಿರಾಕಿಗಳು ಯಾರೆಂದು ತೋರಿಸುವ ಪಟ್ಟಿಯನ್ನು, ಕನ್ನಡದಲ್ಲಿ ಮಾಡಬೇಕಿದೆ. ಗಿರಾಕಿಗಳು 10, ಮಾರಾಟ 5 ಲಕ್ಷ ರೂಪಾಯಿ. ಮೊದಲಿನವರದು 2,10,000, ಎರಡನೆಯವರದು 1,20,000, ಮೂರನೆಯವರದು 90,000, ಉಳಿದ ಏಳು ಮಂದಿಯದು ಸೇರಿ 80,000. ಕೊನೆಯ ಅಂಕಣದಲ್ಲಿ 42, 66, 84 ಎಂದು ಕೂಡುತ್ತ ಹೋಗುತ್ತದೆ. ಅದಕ್ಕೆ ‘ಒಟ್ಟು ಶೇಕಡಾ’ ಎಂದು ಹೆಸರಿಟ್ಟರೆ, ಮೂರನೆಯವರೊಬ್ಬರೇ ನೂರಕ್ಕೆ 84 ಕೊಂಡರೆಂದು ಓದುತ್ತಾರೆ. ಯಾವ ಪದ ಸರಿ?

ಉತ್ತರ 1: ಶಾಲೆಯ ಗಣಿತದಲ್ಲಿ ‘ಸಂಚಿತ ಆವೃತ್ತಿ’ ಇದೆಯಲ್ಲ, ‘ಸಂಚಿತ ಪಾಲು’ ಎನ್ನಿ. ಅಂಗಡಿಯವರಿಗೆ ಅದು ಕರ್ಮದ ಮಾತಿನಂತೆ ಕೇಳಿಸೀತು ಎಂದರೆ ‘ಇಲ್ಲಿಯವರೆಗಿನ ಪಾಲು’ ಎನ್ನಬಹುದು.

ಉತ್ತರ 2: ಪದ ಆಮೇಲೆ, ಮೊದಲು ಲೆಕ್ಕ ನೋಡಿ. 80-20 ಅಂದಮೇಲೆ ಹತ್ತರಲ್ಲಿ ಇಬ್ಬರೇ 80 ತರಬೇಕು. ನಮ್ಮ ಬೇಕರಿಯಲ್ಲಿ ಬ್ರೆಡ್ಡು, ಬನ್ನು, ಖಾರಾ ಬಿಸ್ಕತ್ತು ಇವೇ ಮುಕ್ಕಾಲು ವ್ಯಾಪಾರ.

ಉತ್ತರ 3: ಲೆಕ್ಕ ಸರಿಯಾಗಿಯೇ ಇದೆ ಸರ್. 80 ಹಣದ ಪಾಲು, 20 ತಲೆಗಳ ಪಾಲು. ಎರಡೂ ಕೂಡಿ ನೂರಾಗಬೇಕೆಂದಿಲ್ಲ, ಇಬ್ಬರೇ 80 ತರಬೇಕೆಂದೂ ಇಲ್ಲ. ಇಲ್ಲಿ ಇಬ್ಬರಿಗೇ ನಿಲ್ಲಿಸಿದರೆ 66 ಮಾತ್ರ ಸಿಗುತ್ತದೆ, ಹಾಗಾಗಿ 80ರ ಗೆರೆ ದಾಟಿಸುವ ಮೂರನೆಯವರನ್ನೂ ನಾನು ಸೇರಿಸುತ್ತೇನೆ.

ಪದದ ಬಗ್ಗೆ: ತಿಂಗಳ ಪಟ್ಟಿಯಲ್ಲಿ ‘ಇಲ್ಲಿಯವರೆಗೆ’ ಎಂದರೆ ಏಪ್ರಿಲ್‌ನಿಂದ ಇಲ್ಲಿಯವರೆಗೆ ಎಂದೇ ಓದುತ್ತಾರೆ. ಈ ಕೂಡಿಕೆ ಕಾಲದ್ದಲ್ಲ, ಮೇಲಿನಿಂದ ಕೆಳಕ್ಕೆ ಬಂದದ್ದು.

```
D2: =SUM(C$2:C2)/SUM(C$2:C$11)
```

ಎಕ್ಸೆಲ್‌ನಲ್ಲಿ C ಅಂಕಣದ ಮೊತ್ತಗಳ ಪಕ್ಕ ಇದನ್ನು ಬರೆದು ಕೆಳಗೆಳೆದರೆ ಪ್ರತಿ ಸಾಲೂ ತನ್ನ ಮೇಲಿನವರನ್ನು ಸೇರಿಸಿಕೊಳ್ಳುತ್ತದೆ. ತಾನಾಗಿ ಹೊಸದಾಗುವ ಪಟ್ಟಿ ಕೆಡುವುದೂ ಇಲ್ಲಿಯೇ. ಮುಂದಿನ ತಿಂಗಳ ಮೊತ್ತ ಬಂದಾಗ ಹೆಸರುಗಳು ಹಳೆಯ ಕ್ರಮದಲ್ಲೇ ಉಳಿದರೆ ಸೂತ್ರ ತಪ್ಪು ತೋರಿಸದೆ ತಪ್ಪು ಗುಂಪನ್ನು ಆರಿಸುತ್ತದೆ. ಗುರುತಿಸಲು ಏರಿಕೆ ನೋಡಿ: 42, 24, 18 ಎಂದು ಇಳಿಯುತ್ತಲೇ ಹೋಗಬೇಕು. ನಡುವೆ ಎಲ್ಲಾದರೂ ಹೆಚ್ಚಾದರೆ ವಿಂಗಡಣೆ ಕೆಟ್ಟಿದೆ. ಇಳಿಕೆ ಕ್ರಮದ ವಿಂಗಡಣೆಯನ್ನು, ಎಕ್ಸೆಲ್‌ಗೆ ದತ್ತಾಂಶ ತಂದು ಸರಿಪಡಿಸುವ ಪವರ್ ಕ್ವೆರಿಯ ಒಳಗೇ ಒಂದು ಹಂತವಾಗಿ ಇಟ್ಟರೆ, Refresh All ಒತ್ತಿದಾಗಲೆಲ್ಲ ಕ್ರಮವೂ ಹೊಸದಾಗುತ್ತದೆ. ಹನ್ನೊಂದನೆಯ ಗಿರಾಕಿ ಬಂದರೆ C$11 ಸಾಲದು. ಕೊನೆಯ ಸಾಲು ನೂರನ್ನು ಮೀರಿದ್ದರೆ ಅದೇ ಕಾರಣವಿರಬಹುದು.

ಪ್ರಶ್ನೆ ಕೇಳಿದವರು: ಹಾಗಾದರೆ ‘ಈ ಸಾಲಿನವರೆಗಿನ ಪಾಲು’?

ಉತ್ತರ 3: ‘ಪ್ರಸಕ್ತ ಸಾಲಿನಲ್ಲಿ’ ಎಂದರೆ ಈ ವರ್ಷದಲ್ಲಿ ಎಂದಲ್ಲವೇ? ಲೆಕ್ಕಪತ್ರದಲ್ಲಿ ‘ಸಾಲು’ ಮತ್ತೆ ವರ್ಷಕ್ಕೇ ಎಳೆಯುತ್ತದೆ. ‘ಮೇಲಿನವರೂ ಸೇರಿ’ ಎಂದು ಬರೆದರೆ ತಪ್ಪು ಓದಲಾಗದು.

ಉತ್ತರ 1: ಗಿರಾಕಿಗಳಿಗೆ ಒಪ್ಪಿದೆ. ಅದೇ ಪಟ್ಟಿಯನ್ನು ತಪ್ಪಲೆ, ಕೊಳಗ, ಲೋಟಗಳಿಗೆ ಮಾಡಿದಾಗ ‘ಮೇಲಿನವೂ ಸೇರಿ’ ಎಂದಾಗಬೇಕು. ಒಂದೇ ಹೆಸರು ಎರಡಕ್ಕೂ ಸಲ್ಲಬೇಕಾದರೆ ನಾನಿನ್ನೂ ‘ಸಂಚಿತ’ದ ಕಡೆಗೇ ಇದ್ದೇನೆ.