ಪದಚರ್ಚೆ: ಇಂಗ್ಲಿಷಿನ ‘ಅಪ್’ ಮತ್ತು ಕನ್ನಡದ ‘ಬಿಡು’ ಒಂದೆಯೇ?

ಎಲ್ಲರಿಗೂ ನಮಸ್ಕಾರ.

ನಾನು ಪದವಿ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳು ಇಂಗ್ಲಿಷ್ ಪತ್ರಿಕೆಯನ್ನು ಓದಿ ಅರ್ಥಮಾಡಿಕೊಳ್ಳಬಲ್ಲರು, ಆದರೆ ಫ್ರೇಸಲ್ ವರ್ಬುಗಳು ಅವರ ನೆನಪಿನಲ್ಲಿ ನಿಲ್ಲುವುದಿಲ್ಲ. ‘ಟೇಕ್ ಅಪ್, ಟೇಕ್ ಆಫ್, ಟೇಕ್ ಔಟ್’ ಎಂದು ಕ್ರಿಯಾಪದವನ್ನು ಹಿಡಿದು ಪಟ್ಟಿ ಕೊಡುವುದನ್ನು ನಿಲ್ಲಿಸಿ, ಈ ವರ್ಷ ಅವುಗಳ ಕೊನೆಯಲ್ಲಿ ಬರುವ ಪುಟ್ಟ ಪದದ ಅರ್ಥವನ್ನು ಹಿಡಿದು ಗುಂಪು ಮಾಡಿದೆ. ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್, ಡ್ರೈ ಅಪ್, ಟೇರ್ ಅಪ್, ಬರ್ನ್ ಅಪ್ ಎಂಬ ಆರನ್ನು ಒಟ್ಟಿಗೆ ಕೊಟ್ಟು, ಇಲ್ಲಿ ‘ಅಪ್’ ಎಂದರೆ ಪೂರ್ತಿಯಾಗಿ ಮುಗಿಯುವುದು, ನಮ್ಮ ‘ತಿಂದುಬಿಡು’ವಿನಲ್ಲಿರುವ ‘ಬಿಡು’ವಿನ ಹಾಗೆ, ಎಂದು ವಿವರಿಸಿದೆ. ಆರೂ ಚೆನ್ನಾಗಿ ನೆನಪಿನಲ್ಲಿ ಉಳಿದವು. ಆದರೆ ಮರುವಾರ ಒಬ್ಬ ‘ಮರೆತುಬಿಟ್ಟೆ’ ಎನ್ನಲು ‘ಐ ಫರ್ಗಾಟ್ ಅಪ್’ ಎಂದೂ, ಇನ್ನೊಬ್ಬಳು ‘ಬಲ್ಬ್ ಸುಟ್ಟುಹೋಯಿತು’ ಎನ್ನಲು ‘ದ ಬಲ್ಬ್ ಬರ್ನ್ಟ್ ಅಪ್’ ಎಂದೂ ಬರೆದರು. ನನ್ನ ಹೋಲಿಕೆಯೇ ತಪ್ಪೇ? ‘ಗಿವ್ ಅಪ್’ ಈ ಗುಂಪಿಗೆ ಸೇರುತ್ತದೆಯೇ?

*

ಮೇಡಂ, ಹೋಲಿಕೆ ಸರಿಯಾಗಿಯೇ ಇದೆ, ದಯವಿಟ್ಟು ಕೈಬಿಡಬೇಡಿ. ಪ್ರೌಢಶಾಲೆಯಲ್ಲಿ ನಾನೂ ಹೀಗೆಯೇ ಕಲಿಸುತ್ತಿದ್ದೆ. ‘ಗಿವ್ ಅಪ್’ ಖಂಡಿತವಾಗಿ ಇದೇ ಗುಂಪಿನದು, ಏಕೆಂದರೆ ‘ಸಿಗರೇಟು ಬಿಟ್ಟುಬಿಟ್ಟ’ ಎನ್ನುವಾಗ ‘ಬಿಡು’ ಎರಡು ಸಲ ಬರುತ್ತದೆ. ‘ಫರ್ಗಾಟ್ ಅಪ್’ ಎಂಬಂಥವನ್ನು ಅಪವಾದಗಳೆಂದು ಹೇಳಿದರೆ ಸಾಕು.

*

ನಮ್ಮ ಕಚೇರಿಯ ಪತ್ರಗಳಲ್ಲಿ ‘ಕೋಪ್ ಅಪ್ ವಿತ್’ ಎಂದು ಬರೆಯುತ್ತಾರೆ. ಅದು ‘ಕೋಪ್ ವಿತ್’ ಎಂದಿರಬೇಕೆಂದು ನಾನು ತಿದ್ದಿದರೆ, ‘ಅಪ್’ ಸೇರಿಸಿದರೆ ಪೂರ್ತಿ ನಿಭಾಯಿಸಿದ ಅರ್ಥ ಬರುತ್ತದೆ ಎಂದು ವಾದಿಸುತ್ತಾರೆ. ಮೇಡಂ ಕೇಳಿರುವುದೂ ಇದನ್ನೇ ಅಲ್ಲವೇ?

*

ಮೇಡಂ ಕೇಳಿರುವುದು ಸ್ವಲ್ಪ ಬೇರೆ. ಮೊದಲು ಅದಕ್ಕೇ ಬರುತ್ತೇನೆ.

‘ಬಿಡು’ ಕ್ರಿಯೆಯ ಮಾತಾಡುತ್ತದೆ: ಆಗಿಹೋಯಿತು, ಹಿಂದಕ್ಕೆ ಬರುವುದಿಲ್ಲ, ಬಹಳ ಸಲ ನಿರೀಕ್ಷಿಸದೆಯೇ ಆಯಿತು. ಆದ್ದರಿಂದಲೇ ‘ಬಿದ್ದುಬಿಟ್ಟ’, ‘ಮರೆತುಬಿಟ್ಟೆ’ ಎಂಬವು ನಮಗೆ ಸಹಜ. ಈ ಗುಂಪಿನ ‘ಅಪ್’ ವಸ್ತುವಿನ ಮಾತಾಡುತ್ತದೆ: ಇದ್ದ ಪ್ರಮಾಣ ಪೂರ್ತಿ ತೀರಿತು, ಅಥವಾ ಇಡೀ ವಸ್ತು ಚೂರಾಯಿತು. ಮರೆಯುವಾಗ ತೀರಿಹೋಗುವ ಪ್ರಮಾಣವೇ ಇಲ್ಲವಾದ್ದರಿಂದ ಅಲ್ಲಿ ‘ಅಪ್’ಗೆ ಕೆಲಸವಿಲ್ಲ. ಇದು ಅಪವಾದವಲ್ಲ, ನಿಯಮದ ಎಲ್ಲೆ. ವಿದ್ಯಾರ್ಥಿಗಳೇ ಪರೀಕ್ಷಿಸಿಕೊಳ್ಳಲು ಒಂದು ದಾರಿಯಿದೆ. ‘ಒಂದು ಗಂಟೆ ಕಾಲ ತಿಂದ’ ಎಂಬುದಕ್ಕೆ ‘ಏಟ್’ ಸಾಕು, ಅಲ್ಲಿ ‘ಅಪ್’ ಕೂರುವುದಿಲ್ಲ. ‘ತಟ್ಟೆಯಲ್ಲಿದ್ದುದನ್ನು ಐದು ನಿಮಿಷದಲ್ಲಿ ತಿಂದು ಮುಗಿಸಿದ’ ಎಂಬಲ್ಲಿ ‘ಏಟ್ ಅಪ್’ ಸಲೀಸಾಗಿ ಕೂರುತ್ತದೆ.

ಬಲ್ಬಿನ ತಪ್ಪು ನನಗೆ ಇನ್ನೂ ಮುಖ್ಯವೆನಿಸುತ್ತದೆ, ಏಕೆಂದರೆ ನಾವು ಕಾಗದ, ಮನೆ, ಬಲ್ಬ್ ಮೂರಕ್ಕೂ ‘ಸುಟ್ಟುಹೋಯಿತು’ ಎಂದೇ ಹೇಳುತ್ತೇವೆ. ಇಂಗ್ಲಿಷು ಸುಟ್ಟ ಮೇಲೆ ಏನು ಉಳಿಯಿತು ಎಂದು ನೋಡುತ್ತದೆ. ಕಾಗದ ಉಳಿಯಲೇ ಇಲ್ಲ, ಅದು ‘ಬರ್ನ್ಟ್ ಅಪ್’. ನಿಂತಿದ್ದ ಮನೆ ನೆಲಸಮವಾಯಿತು, ಅದು ‘ಬರ್ನ್ಟ್ ಡೌನ್’. ಬಲ್ಬ್ ಹೋಲ್ಡರಿನಲ್ಲೇ ಇದೆ, ಒಳಗಿನ ಬೆಳಕು ಹೋಗಿದೆ, ಅದು ‘ಬರ್ನ್ಟ್ ಔಟ್’. ಸೌದೆ ತೀರಿ ತಾನಾಗಿ ಆರುವ ಬೆಂಕಿಯೂ ‘ಔಟ್’ ಆಗುತ್ತದೆ. ಈ ಮೂರು ಚಿತ್ರಗಳನ್ನು ಬೋರ್ಡಿನ ಮೇಲೆ ಬರೆಯಿಸಿ. ಆದರೆ ಅಮೆರಿಕದ ಮಾತಿನಲ್ಲಿ ಮನೆಗೂ ‘ಬರ್ನ್ಡ್ ಅಪ್’ ಎನ್ನುವುದುಂಟು ಎಂಬುದನ್ನು ಮರೆಮಾಚಬೇಡಿ.

‘ಅಪ್’ ಕಲಿಸಿದ ದಿನವೇ ‘ಔಟ್’ ಕಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹಂಗೇರಿಯ ವಿದ್ಯಾರ್ಥಿಗಳ ಮೇಲೆ ಕೋವೆಚೆಶ್ ಮತ್ತು ಸಾಬೋ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ‘ಅಪ್’ ಮತ್ತು ‘ಡೌನ್’ಗಳ ಹಿಂದಿನ ಅರ್ಥ ತಿಳಿದು ಕಲಿತವರು ತಾಯ್ನುಡಿಯ ಅನುವಾದದಿಂದ ಕಲಿತವರಿಗಿಂತ ಮುಂದಿದ್ದರು, ಅದು ನಿಮ್ಮ ವಿಧಾನದ ಪರವಾಗಿದೆ. ಆದರೆ ಹತ್ತಿರದ ಅರ್ಥದ ಹೊಸ ಪದಗಳನ್ನು ಒಟ್ಟಿಗೆ ಕೊಟ್ಟರೆ ಕಲಿಕೆ ನಿಧಾನವಾಗುತ್ತದೆ ಎಂದು ಟಿಂಕಮ್ 1993ರಲ್ಲೇ ತೋರಿಸಿದ್ದಾರೆ. ‘ಯೂಸ್ ಅಪ್’ ಮತ್ತು ‘ರನ್ ಔಟ್’ ಎರಡೂ ‘ಖಾಲಿಯಾಗು’ ಎಂಬ ಅರ್ಥದವು. ಒಂದೇ ದಿನ ಕೇಳಿದರೆ ‘ಯೂಸ್ ಔಟ್’ ಹುಟ್ಟುತ್ತದೆ. ನಾನು ಎರಡು ವಾರ ಬಿಡುತ್ತೇನೆ, ಆಮೇಲೆ ಎರಡನ್ನೂ ಎದುರುಬದುರಾಗಿ ಇಡುತ್ತೇನೆ.

‘ಗಿವ್ ಅಪ್’ ವಿಷಯದಲ್ಲಿ ಮೇಷ್ಟರ ಮಾತನ್ನು ನಾನು ಒಪ್ಪಲಾರೆ. ಸಿಗರೇಟು ಬಿಟ್ಟವನ ಸಿಗರೇಟು ತೀರಿರಬೇಕಿಲ್ಲ, ಜೇಬಿನಲ್ಲೇ ಇರಬಹುದು. ಕೋಟೆಯನ್ನು ಶತ್ರುವಿಗೆ ಒಪ್ಪಿಸುವುದಕ್ಕೂ ಇದೇ ಮಾತಿದೆ. ಅಲ್ಲಿರುವುದು ಹಿಡಿತ ಸಡಿಲಿಸುವ ಅರ್ಥ. ಕಚೇರಿಯವರ ‘ಕೋಪ್ ಅಪ್ ವಿತ್’ ಬಹುಶಃ ‘ಕೀಪ್ ಅಪ್ ವಿತ್’ನ ಪ್ರಭಾವದಿಂದ ಬಂದಿರಬೇಕು. ಅಲ್ಲಿ ‘ಅಪ್’ ಎಂದರೆ ಮುಗಿಸುವುದಲ್ಲ, ಮುಂದೆ ಹೋಗುವವರಿಗೆ ಸಮನಾಗುವುದು. ‘ಕ್ಯಾಚ್ ಅಪ್’ನಲ್ಲಿಯೂ ಅದೇ.

*

ಸಿಗರೇಟಿನ ಮಾತು ಒಪ್ಪಿದೆ. ಆದರೆ ‘ಶಟ್ ಅಪ್’ ಎಲ್ಲಿಗೆ ಸೇರುತ್ತದೆ? ಬಾಯಿ ಪೂರ್ತಿ ಮುಚ್ಚುವುದೂ ಒಂದು ಮುಗಿಯುವಿಕೆಯೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

*

ಸರ್, ‘ಲಾಕ್ ಅಪ್’, ‘ಟೈ ಅಪ್’ಗಳ ಜೊತೆ ಅದನ್ನು ‘ಭದ್ರವಾಗಿ ಮುಚ್ಚುವುದು’ ಎಂಬ ಬೇರೆ ಗುಂಪಿನಲ್ಲಿ ಇಟ್ಟಿದ್ದೇನೆ. ಅದು ಮೊದಲ ಗುಂಪಿನ ಕವಲೋ ಸ್ವತಂತ್ರವೋ ಎಂಬುದು ನನಗೂ ತೀರ್ಮಾನವಾಗಿಲ್ಲ. ಸೋಮವಾರ ಸುಟ್ಟ ಕಾಗದ, ಮನೆ, ಬಲ್ಬುಗಳಿಂದಲೇ ಪಾಠ ಆರಂಭಿಸುತ್ತೇನೆ.